ಬಿಳಿ ಹೋದ ಬೋರ್ಡು, ಹಳದಿ ಬಂದ ಫ್ರಿಜ್ಜು

ಮನೆಗೆ ಹೊಸ ಬಣ್ಣ ಹೊಡೆಸಿದ ಮರುದಿನವೇ ಸ್ವಿಚ್ ಬೋರ್ಡುಗಳ ಹಳದಿ ಕಣ್ಣಿಗೆ ಬೀಳುತ್ತದೆ. ಅಲ್ಲಿಯವರೆಗೆ ಗೋಡೆಯೂ ಬೋರ್ಡೂ ಕೂಡಿಯೇ ಮಾಸಿದ್ದರಿಂದ ಯಾರಿಗೂ ಗೊತ್ತಾಗಿರುವುದಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಊರುಗಳಲ್ಲಿ ಮನೆಗೆ ಸುಣ್ಣಬಣ್ಣ ಆಗುವುದು ಮದುವೆಯ ಮುಂಚೆ, ಇಲ್ಲವೇ ಮಹಾನವಮಿ ಅಮಾವಾಸ್ಯೆಯ ಹೊತ್ತಿಗೆ. ಪೇಂಟರ್ ಹೋದ ಮೇಲೆ ಮನೆಮಂದಿ ಅಡುಗೆ ಸೋಡಾ, ನಿಂಬೆಹಣ್ಣು, ಟೂತ್‌ಪೇಸ್ಟ್ ಹಿಡಿದು ಬೋರ್ಡಿನ ಮುಂದೆ ನಿಲ್ಲುತ್ತಾರೆ. ಅದರಿಂದ ಏನೂ ಆಗದಿದ್ದಾಗ ಪೇಂಟರ್ ಬಿಟ್ಟುಹೋದ ಥಿನ್ನರ್ ಡಬ್ಬಿ ಕೈಗೆ ಬರುತ್ತದೆ. ಪಡಸಾಲೆಯಲ್ಲಿರುವ ಹಳೆಯ ಫ್ರಿಜ್ಜಿನ ಬಾಗಿಲಿಗೂ ಅದೇ ಪಾಡು.

ತಿಕ್ಕುವ ಮುಂಚೆ ತಿಳಿಯಬೇಕಾದ್ದು ಒಂದಿದೆ. ನೋಡಲು ಒಂದೇ ಬಗೆಯಾಗಿ ಕಾಣುವ ಈ ಹಳದಿಗೆ ಮೂರು ಬೇರೆ ಬೇರೆ ಮೂಲಗಳಿವೆ. ಒಂದು, ಪ್ಲಾಸ್ಟಿಕ್ಕಿನ ಮೇಲೆ ಕೂತ ಪದರ. ಇನ್ನೊಂದು, ವಯಸ್ಸಾದ ಪ್ಲಾಸ್ಟಿಕ್ಕೇ ಬಣ್ಣ ತಿರುಗಿದ್ದು. ಮತ್ತೊಂದು, ಒಳಗಿನ ಬಿಸಿಗೆ ಅದು ಸುಟ್ಟಿದ್ದು. ಮೊದಲನೆಯದಕ್ಕೆ ಸೋಪು ಸಾಕು, ಎರಡನೆಯದಕ್ಕೆ ರಾಸಾಯನಿಕವೂ ಬಿಸಿಲೂ ಬೇಕು. ಮೂರನೆಯದನ್ನು ಬೆಳ್ಳಗೆ ಮಾಡಲು ಹೋಗಲೇಬಾರದು.

ನಮ್ಮ ಸೀಮೆಯಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯದು, ಮುಖ್ಯವಾಗಿ ಅಡುಗೆಮನೆಯಲ್ಲಿ. ಇದರಲ್ಲಿ ಧೂಳಿನ ಪಾತ್ರ ಇದ್ದೇ ಇದೆ. ಎರೆಭೂಮಿಯ ಮಣ್ಣು ಹಿಟ್ಟಿನಷ್ಟು ನುಣ್ಣಗೆ, ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಎಣ್ಣೆ. ಈ ಭಾಗದ ಅಡುಗೆಯಲ್ಲಿ ಶೇಂಗಾ ಎಣ್ಣೆಯ ಜೊತೆ ಕುಸುಬಿ ಎಣ್ಣೆಯೂ ಉಂಟು. ಹಿಂಗಾರಿ ಹೊಲಗಳ ಅಂಚಿಗೆ ಮುಳ್ಳಿನ ಬೇಲಿಯಂತೆ ನಿಲ್ಲುವ ಬೆಳೆ ಅದು. ಅಣ್ಣಿಗೇರಿಯ ಹೆಸರು ಹೊತ್ತ ಕುಸುಬಿ ತಳಿಯೂ ಇದೆ. ಕುಸುಬಿ ಎಣ್ಣೆಗೆ ಒಣಗುವ ಗುಣ ಇದೆ. ತೆಳ್ಳಗೆ ಹರಡಿದರೆ ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗಿ ಪದರಗಟ್ಟುತ್ತದೆ. ಈ ಗುಣದಿಂದಲೇ ಪೇಂಟು, ವಾರ್ನಿಷ್ ತಯಾರಿಕೆಗೂ ಅದನ್ನು ಬಳಸುತ್ತಾರೆ. ಒಗ್ಗರಣೆ ಸಿಡಿದಾಗಲೆಲ್ಲ ಕಣ್ಣಿಗೆ ಕಾಣದ ಎಣ್ಣೆಯ ಹನಿಗಳು ಮೇಲೇರಿ ಬೋರ್ಡಿನ ಮೇಲೆ, ಫ್ರಿಜ್ಜಿನ ನೆತ್ತಿಯ ಮೇಲೆ ಇಳಿಯುತ್ತವೆ. ಅಲ್ಲೇ ಒಣಗುತ್ತವೆ, ಧೂಳು ಹಿಡಿಯುತ್ತವೆ, ಅದರ ಮೇಲೆ ಮತ್ತೊಂದು ಪದರ ಬರುತ್ತದೆ. ಹೀಗೆ ವರ್ಷಗಟ್ಟಲೆ ಕೂತದ್ದು ಬರೀ ಒದ್ದೆ ಬಟ್ಟೆಗೆ ಬಿಡುವುದಿಲ್ಲ. ಅದಕ್ಕೇ ಜನ ಪ್ಲಾಸ್ಟಿಕ್ಕೇ ಹಳದಿಯಾಗಿದೆ ಎಂದುಕೊಳ್ಳುತ್ತಾರೆ.

ಗುರುತಿಸುವುದು ಕಷ್ಟವಲ್ಲ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬಿಳಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ನಾಲ್ಕಾಣೆ ಅಗಲದ ಜಾಗದ ಮೇಲೆ ಐದು ನಿಮಿಷ ಒತ್ತಿ ಹಿಡಿದು ಆಮೇಲೆ ಒರೆಸಬೇಕು. ಬಟ್ಟೆಗೆ ಕಂದು ಹತ್ತಿ ಅಷ್ಟು ಜಾಗ ತಿಳಿಯಾದರೆ ಅದು ಎಣ್ಣೆಯ ಪದರ. ಬಟ್ಟೆ ಬೆಳ್ಳಗೇ ಉಳಿದರೆ ಬಣ್ಣ ತಿರುಗಿರುವುದು ಪ್ಲಾಸ್ಟಿಕ್ಕೇ.

ಬೋರ್ಡಿಗೆ ಒದ್ದೆ ಬಟ್ಟೆ ಮುಟ್ಟಿಸುವ ಮುಂಚೆ ಮೇನ್ ಸ್ವಿಚ್ ಇಳಿಸಬೇಕು. ಆ ಸ್ವಿಚ್ಚೊಂದನ್ನೇ ಆಫ್ ಮಾಡಿದರೆ ಸಾಲದು. ಅದಕ್ಕೆ ಫೇಸ್ ತರುವ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಇನ್ನಷ್ಟು ಎಚ್ಚರ ಬೇಕು, ಮೇನ್ ಇಳಿಸಿದ ಮೇಲೂ ಕೆಲವು ಬೋರ್ಡುಗಳಿಗೆ ಅದು ಕರೆಂಟ್ ಕೊಡುತ್ತಲೇ ಇರುತ್ತದೆ. ಅದನ್ನೂ ಆಫ್ ಮಾಡಿ, ಟೆಸ್ಟರ್ ಹಚ್ಚಿ ನೋಡಿಯೇ ಕೈ ಹಾಕಬೇಕು. ಮಾಡ್ಯುಲರ್ ಬೋರ್ಡಾದರೆ ಹೊರಗಿನ ಪ್ಲೇಟು ಅಂಚಿನಲ್ಲಿ ಸ್ವಲ್ಪ ಮೀಟಿದರೆ ಕಳಚಿಬರುತ್ತದೆ. ಆ ಪ್ಲೇಟನ್ನು ಮಾತ್ರ ಸೋಪಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಮೆತ್ತಗೆ ಉಜ್ಜಿ, ಪೂರ್ತಿ ಒಣಗಿಸಿ ಕೂಡಿಸಬೇಕು. ಸ್ವಿಚ್ಚು, ಸಾಕೆಟ್ಟುಗಳನ್ನು ನೀರಿಗೆ ಹಾಕಬಾರದು. ಕಟ್ಟಿಗೆಯ ಪೆಟ್ಟಿಗೆಗೆ ಸನ್‌ಮೈಕಾ ಹಾಳೆ ಕೂಡಿಸಿ ಮೇಲೆ ಸ್ವಿಚ್ ಹಾಕಿದ ಹಳೆಯ ಬೋರ್ಡು ಕಳಚಲು ಬರುವಂಥದ್ದಲ್ಲ. ಅದನ್ನು ಹಿಂಡಿದ ಬಟ್ಟೆಯಿಂದ ಒರೆಸುವುದಷ್ಟೇ. ನೀರನ್ನಾಗಲಿ ಲಿಕ್ವಿಡ್ಡನ್ನಾಗಲಿ ಅದರ ಮೇಲೆ ನೇರವಾಗಿ ಸಿಂಪಡಿಸಬಾರದು.

ಫ್ರಿಜ್ಜಿನ ನೆತ್ತಿಯ ಮೇಲಿನ ಜಿಗುಟಿಗೆ ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಒಳ್ಳೆಯದು, ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ಚಮಚ. ಒಣಗಿದ ಎಣ್ಣೆಯನ್ನು ಆ ಕ್ಷಾರ ಸೋಪಿನಂತೆ ಕರಗಿಸುತ್ತದೆ. ಮಾಡ್ಯುಲರ್ ಪ್ಲೇಟುಗಳಿಗೆ ಮಾತ್ರ ಅದು ಬೇಡ. ಅವು ಬಹುಪಾಲು ಪಾಲಿಕಾರ್ಬೊನೇಟ್. ಕ್ಷಾರ ಅದಕ್ಕೆ ಆಗಿಬರುವುದಿಲ್ಲ, ಸಣ್ಣ ಸಣ್ಣ ಬಿರುಕು ಬರುತ್ತವೆ. ಥಿನ್ನರ್, ಪೆಟ್ರೋಲ್ ಅಂತೂ ಎಲ್ಲಿಯೂ ಬೇಡ. ಫ್ರಿಜ್ಜಿನ ಒಳಗಿನ ಬಿಳಿ ಪ್ಲಾಸ್ಟಿಕ್ ಸಾಮಾನ್ಯವಾಗಿ ಪಾಲಿಸ್ಟೈರೀನ್ ಜಾತಿಯದು. ಪೆಟ್ರೋಲ್ ತಾಕಿದ ಕೂಡಲೇ ಅದು ಅಂಟಂಟಾಗಿ ಕರಗುತ್ತದೆ, ಮೇಲ್ಮೈ ಮತ್ತೆ ಎಂದೂ ಸಪಾಟಾಗುವುದಿಲ್ಲ.

ಇನ್ನು ಪ್ಲಾಸ್ಟಿಕ್ಕೇ ಬಣ್ಣ ತಿರುಗಿದ ಸಂಗತಿ. ಕುಂದಗೋಳ ತಾಲ್ಲೂಕಿನ ನಮ್ಮ ಅತ್ತಿಯ ಮನೆಯಲ್ಲಿ ಒಂದು ಬಾಗಿಲಿನ ಹಳೆಯ ಬಿಳಿ ಫ್ರಿಜ್ ಇದೆ. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬಿಸಿಲು ದಿನವೂ ಅದರ ಹಿಡಿಕೆಯ ಮೇಲೆ ಹಾದುಹೋಗುತ್ತದೆ. ಬಾಗಿಲು ಸುಮಾರಾಗಿ ಬೆಳ್ಳಗಿದೆ, ಹಿಡಿಕೆ ಮಾತ್ರ ಚಹಾದ ಬಣ್ಣ.

"ತಮ್ಮಾ, ಎಷ್ಟ್ ತಿಕ್ಕಿದ್ರೂ ಹೋಗವಲ್ದು ನೋಡು. ಬಾಗ್ಲಾ ಬೆಳ್ಳಗೈತಿ, ಇದೊಂದ್ ಯಾಕ ಹಿಂಗಾತು?" ಎಂದು ಅತ್ತಿ ಕೇಳಿದರು.

"ಬಾಗ್ಲಾ ತಗಡಿಂದರಿ ಅತ್ತಿ, ಹಿಡಿಕಿ ಪ್ಲಾಸ್ಟಿಕ್ಕಿಂದು. ಇದು ತಿಕ್ಕಿದ್ರ ಹೋಗೂದಲ್ಲ, ಬಿಸಿಲಿಗೆ ಇಡಬೇಕು."

"ಬಿಸಿಲಿಗೇ ಅಲ್ಲೇನೋ ಇದು ಕೆಟ್ಟಿದ್ದು?"

ಅವರ ಪ್ರಶ್ನೆ ಸರಿಯಾದದ್ದೇ. ಹಿಡಿಕೆ, ಅಂಚುಪಟ್ಟಿ, ಮೂಲೆಯ ಕ್ಯಾಪು ಇಂಥವನ್ನು ಹೆಚ್ಚಾಗಿ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆ. ಬಿದ್ದರೆ, ಬಡಿದರೆ ಒಡೆಯದಿರಲಿ ಎಂದು ಅದರಲ್ಲಿ ಬ್ಯೂಟಡೈನ್ ಎಂಬ ರಬ್ಬರಿನ ಅಂಶ ಬೆರೆತಿರುತ್ತದೆ. ಬಿಸಿಲಿನ ನೇರಳಾತೀತ ಕಿರಣ, ಗಾಳಿಯ ಆಮ್ಲಜನಕ, ಬಿಸಿ ಮೂರೂ ಸೇರಿ ಮೊದಲು ತಿನ್ನುವುದು ಆ ರಬ್ಬರನ್ನೇ. ಅದು ಉತ್ಕರ್ಷಿಸಿದಾಗ ನೀಲಿ ಬೆಳಕನ್ನು ಹೀರುವ ಕೆಲವು ಅಣುಗುಂಪುಗಳು ಹುಟ್ಟುತ್ತವೆ. ನೀಲಿ ಹೀರಿಹೋದ ಮೇಲೆ ನಮ್ಮ ಕಣ್ಣಿಗೆ ಮರಳಿ ಬರುವುದು ಹಳದಿ. ಇದೆಲ್ಲ ನಡೆಯುವುದು ಮೇಲಿನ ತೆಳ್ಳನೆಯ ಪದರದಲ್ಲಿ, ಒಳಗೆ ಪ್ಲಾಸ್ಟಿಕ್ ಬಿಳಿಯಾಗಿಯೇ ಇರುತ್ತದೆ. ಹಿಡಿಕೆ ಬಿಚ್ಚಿ ಹಿಂಬದಿ ತಿರುಗಿಸಿದರೆ ಅದರ ಮೂಲ ಬಣ್ಣ ಕಾಣುತ್ತದೆ.

ಅದೇ ಬಿಸಿಲನ್ನು ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿಸಿದರೆ ಕೆಲಸ ತಿರುಗಿಬೀಳುತ್ತದೆ. ನೇರಳಾತೀತ ಕಿರಣ ಪೆರಾಕ್ಸೈಡನ್ನು ಒಡೆದು ಬಹಳ ಚುರುಕಾದ ಕಣಗಳನ್ನು ಹುಟ್ಟಿಸುತ್ತದೆ. ಅವು ಹಳದಿಗೆ ಕಾರಣವಾದ ಅಣುಗುಂಪುಗಳ ಮೇಲೆ ಬಿದ್ದು ಅವುಗಳ ಜೋಡಣೆಯನ್ನು ಮುರಿಯುತ್ತವೆ. ಬಣ್ಣ ಹೋಗುತ್ತದೆ. ಹಳೆಯ ಕಂಪ್ಯೂಟರ್‌ಗಳ ಹವ್ಯಾಸಿಗಳು 2008ರ ಸುಮಾರಿಗೆ ಈ ವಿಧಾನವನ್ನು ಕಂಡುಕೊಂಡು ‘ರೆಟ್ರೊಬ್ರೈಟ್’ ಎಂದು ಹೆಸರಿಟ್ಟರು. ಬಿಸಿಲು ಕಡಿಮೆ ಇರುವ ದೇಶಗಳಲ್ಲಿ ಇದಕ್ಕೆ ನೇರಳಾತೀತ ದೀಪ ಹಚ್ಚಿಕೊಂಡು ಕೂಡಬೇಕು. ನಮ್ಮ ಜಿಲ್ಲೆಗೆ ಆ ತೊಂದರೆಯಿಲ್ಲ. 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವ ನಮಗೆ ಏಪ್ರಿಲ್ ಕೊನೆ, ಮೇ ಮೊದಲ ವಾರದ ನಡುಹಗಲಿಗೆ ಸೂರ್ಯ ನೇರ ನೆತ್ತಿಯ ಮೇಲೆಯೇ ಇರುತ್ತಾನೆ. ಮದುವೆಯ ಕಾಲವೂ ಅದೇ ಆದ್ದರಿಂದ ಸುಣ್ಣಬಣ್ಣದ ಜೊತೆಗೇ ಈ ಕೆಲಸ ಮುಗಿಸಬಹುದು. ಮಲೆನಾಡಿನ ಸೆರಗಾದ ಕಲಘಟಗಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುತ್ತದೆ, ಆಗ ಹಚ್ಚಿದರೆ ಪೆರಾಕ್ಸೈಡ್ ವ್ಯರ್ಥ.

ಔಷಧಿ ಅಂಗಡಿಯಲ್ಲಿ ಗಾಯ ತೊಳೆಯಲು ಸಿಗುವ ಪೆರಾಕ್ಸೈಡ್ ಸಾಮಾನ್ಯವಾಗಿ ‘20 ವಾಲ್ಯೂಮ್’, ಅಂದರೆ ಸುಮಾರು 6 ಪ್ರತಿಶತ. ನೀರಿನಂತಿರುವ ಅದು ಹಿಡಿಕೆಯ ಮೇಲೆ ನಿಲ್ಲುವುದಿಲ್ಲ. ಕೂದಲಿಗೆ ಬಣ್ಣ ಹಚ್ಚುವ ಮುನ್ನ ಪಾರ್ಲರ್‌ನವರು ಬೆರೆಸುವ ‘ಡೆವಲಪರ್’ ಕ್ರೀಮ್‌ನಲ್ಲಿಯೂ ಪೆರಾಕ್ಸೈಡೇ ಇರುವುದು. 30 ವಾಲ್ಯೂಮ್ ಅಂದರೆ 9 ಪ್ರತಿಶತ, 40 ಅಂದರೆ 12. ಮಂದವಾಗಿರುವುದರಿಂದ ಈ ಕೆಲಸಕ್ಕೆ ಅದೇ ಸರಿ. ಪೆರಾಕ್ಸೈಡ್ ಹಳೆಯದಾದರೆ ಸತ್ವ ಕಳೆದುಕೊಂಡು ಬರೀ ನೀರಾಗುತ್ತದೆ. ಒಂದು ಆಲೂಗಡ್ಡೆ ಕೊಯ್ದು ಅದರ ಮೇಲೆ ನಾಲ್ಕು ಹನಿ ಬಿಟ್ಟರೆ ಗೊತ್ತಾಗುತ್ತದೆ: ಬಿಳಿ ನೊರೆ ಉಕ್ಕಿದರೆ ಜೀವ ಇದೆ, ಸುಮ್ಮನಿದ್ದರೆ ಇಲ್ಲ.

ಅತ್ತಿಯ ಫ್ರಿಜ್ಜಿನ ಪ್ಲಗ್ ತೆಗೆದು, ಹಿಡಿಕೆಯ ಎರಡೂ ತುದಿಯ ಕ್ಯಾಪು ಮೀಟಿ, ಒಳಗಿನ ಸ್ಕ್ರೂ ಬಿಚ್ಚಿದೆವು. ಮೊದಲ ಕೆಲಸ ತೊಳೆಯುವುದು. ಎಣ್ಣೆ ಉಳಿದ ಜಾಗದಲ್ಲಿ ಪೆರಾಕ್ಸೈಡ್ ಹಿಡಿಯುವುದಿಲ್ಲ, ಅಲ್ಲಿ ಕಲೆ ನಿಲ್ಲುತ್ತದೆ. ಒಣಗಿದ ಮೇಲೆ ರಬ್ಬರ್ ಕೈಚೀಲ ಹಾಕಿಕೊಂಡು, ಬ್ರಷ್‌ನಿಂದ ಕ್ರೀಮನ್ನು ಎರಡು ಮಿಲಿಮೀಟರ್ ದಪ್ಪಕ್ಕೆ ಬಳಿದು, ಮೇಲೆ ಅಡುಗೆಗೆ ಬಳಸುವ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗಾಳಿಗುಳ್ಳೆ ಉಳಿಯದಂತೆ ಸುತ್ತಬೇಕು. ಹಾಳೆ ಸುತ್ತುವುದು ಕ್ರೀಮ್ ಒಣಗದಿರಲಿ ಎಂದು. ಇಡೀ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಒಂದು ಕಡೆ ಒಣಗಿ ಇನ್ನೊಂದು ಕಡೆ ಹಸಿಯಾಗಿದ್ದರೆ ಹಿಡಿಕೆಯ ಮೇಲೆ ಬಿಳಿ ಬರೆಗಳು, ಮೋಡದಂಥ ಮಚ್ಚೆಗಳು ಮೂಡುತ್ತವೆ. ಹಳದಿಯನ್ನಾದರೂ ತೆಗೆಯಬಹುದು, ಈ ಬರೆಗಳನ್ನು ತೆಗೆಯುವುದು ಬಹಳ ಕಷ್ಟ.

ಬೆಳಗಿನ ಹತ್ತೂವರೆಯ ಹೊತ್ತಿಗೆ ಮಾಳಿಗೆಯ ಮೇಲಿಟ್ಟರೆ ಮಧ್ಯಾಹ್ನ ಮೂರರವರೆಗೂ ಒಳ್ಳೆಯ ಬಿಸಿಲು ಸಿಗುತ್ತದೆ. ಅರ್ಧ ಗಂಟೆಗೊಮ್ಮೆ ಹಿಡಿಕೆಯನ್ನು ಹೊರಳಿಸುತ್ತ, ಹಾಳೆಯ ಮೇಲಿನಿಂದಲೇ ಬೆರಳಾಡಿಸಿ ಕ್ರೀಮನ್ನು ಸರಿಸಮ ಮಾಡುತ್ತಿರಬೇಕು. ಎರಡು ಗಂಟೆಗೊಮ್ಮೆ ಬಿಚ್ಚಿ, ತೊಳೆದು, ಹಿಂಬದಿಯ ಬಣ್ಣಕ್ಕೆ ಹೋಲಿಸಿ ನೋಡಿ, ಬೇಕಾದರೆ ಹೊಸ ಕ್ರೀಮ್ ಹಚ್ಚಬೇಕು. ಕಾದ ತಗಡಿನ ಮೇಲೆ ಮಾತ್ರ ಇಡಬಾರದು. ಬಿಸಿ ಹೆಚ್ಚಾದರೆ ಉದ್ದನೆಯ ತುಂಡು ಬಾಗುತ್ತದೆ, ಸ್ಕ್ರೂ ತೂತು ಕೂಡುವುದಿಲ್ಲ. ಗೋಣಿಚೀಲದ ಮೇಲೊಂದು ಬಿಳಿ ಬಟ್ಟೆ ಹಾಸಿ ಇಟ್ಟರೆ ಸಾಕು. ನಮ್ಮ ಹಿಡಿಕೆಯ ಚಹಾ ಬಣ್ಣ ಮೊದಲ ದಿನ ಹಾಲುಗೆನೆಗೆ ಇಳಿಯಿತು, ಮರುದಿನದ ಬಿಸಿಲಿಗೆ ಬಾಗಿಲಿನ ಬಿಳಿಯ ಹತ್ತಿರ ಬಂತು. ಅಲ್ಲಿಗೆ ನಿಲ್ಲಿಸಿದ್ದು ಸರಿಯಾಯಿತು. ಇನ್ನೂ ಬೆಳ್ಳಗಾಗಲಿ ಎಂದು ಮುಂದುವರಿಸಿದರೆ ಮೇಲ್ಮೈಯ ಹೊಳಪು ಹೋಗಿ ಸುಣ್ಣ ಬಳಿದಂತೆ ಪೇಲವವಾಗುತ್ತದೆ.

12 ಪ್ರತಿಶತದ ಪೆರಾಕ್ಸೈಡ್ ಕೈಗೆ ತಾಕಿದರೆ ಚರ್ಮ ಬೆಳ್ಳಗೆ ತಿರುಗಿ ಚುರುಗುಟ್ಟುತ್ತದೆ, ಕಣ್ಣಿಗೆ ಸಿಡಿದರೆ ದೊಡ್ಡ ಅಪಾಯ. ಕನ್ನಡಕ ಹಾಕಿಕೊಳ್ಳಬೇಕು, ಪಕ್ಕದಲ್ಲಿ ಒಂದು ಕೊಡ ನೀರು ಇರಬೇಕು, ಮಕ್ಕಳು ಹತ್ತಿರ ಬರಬಾರದು. ಉಳಿದದ್ದನ್ನು ಬೇರೆ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿಡಬಾರದು; ಒಳಗೆ ಆಮ್ಲಜನಕ ಹುಟ್ಟುತ್ತಲೇ ಇರುವುದರಿಂದ ಬಾಟಲಿ ಉಬ್ಬಿ ಒಡೆಯುತ್ತದೆ. ಇನ್ನು ಬೆಳ್ಳಗಾಗಲಿ ಎಂದು ಬ್ಲೀಚಿಂಗ್ ಪೌಡರಿಗೆ ಬಚ್ಚಲು ತೊಳೆಯುವ ಆ್ಯಸಿಡ್ ಬೆರೆಸುವವರೂ ಇದ್ದಾರೆ. ಅದರಿಂದ ಏಳುವುದು ಕ್ಲೋರಿನ್ ಅನಿಲ, ಉಸಿರನ್ನೇ ಕಟ್ಟಿಸುವ ವಿಷ. ಪ್ಲಾಸ್ಟಿಕ್ಕಿನ ಹಳದಿಗೆ ಅದರಿಂದ ಉಪಯೋಗವೂ ಇಲ್ಲ.

ಹಿಡಿಕೆ ಬೆಳ್ಳಗಾಯಿತೆಂದರೆ ಹೊಸದಾಯಿತೆಂದಲ್ಲ. ಉತ್ಕರ್ಷಿಸಿ ಹೋದ ರಬ್ಬರ್ ತಿರುಗಿ ಬರುವುದಿಲ್ಲ, ಮೇಲ್ಪದರ ಮೊದಲಿಗಿಂತ ಪೆಡಸಾಗಿಯೇ ಇರುತ್ತದೆ. ಸ್ಕ್ರೂ ಬಿಗಿಯುವಾಗ ಕೈ ಹಗುರವಾಗಿರಲಿ. ಹಳದಿಯೂ ಮೆಲ್ಲಗೆ ಮರಳುತ್ತದೆ, ಬಿಸಿಲು ತಾಕುವ ಜಾಗದಲ್ಲಿ ಬೇಗ. ಫ್ರಿಜ್ಜನ್ನು ಬೆಳಕಿಂಡಿಯ ಕೆಳಗಿನಿಂದ ಎರಡು ಮೊಳ ಸರಿಸಿದರೆ ಕ್ರೀಮ್ ಹಚ್ಚಿದ್ದಕ್ಕಿಂತ ಹೆಚ್ಚು ಲಾಭ.

ಬಾಗಿಲಿನ ಉಳಿದ ಭಾಗಗಳಿಗೆ ಪೆರಾಕ್ಸೈಡ್ ಬೇಕಿಲ್ಲ. ಒಂದು ಅಯಸ್ಕಾಂತ ಹಚ್ಚಿ ನೋಡಿ. ಕಚ್ಚಿಕೊಂಡರೆ ಅದು ಬಣ್ಣ ಬಳಿದ ಉಕ್ಕಿನ ತಗಡು. ಆ ಬಣ್ಣ ಹಳದಿಯಾಗಿದ್ದರೆ ಕಾರಿಗೆ ಹೊಡೆಯುವ ರಬ್ಬಿಂಗ್ ಕಂಪೌಂಡ್ ಮೆತ್ತನೆಯ ಬಟ್ಟೆಗೆ ಹಚ್ಚಿಕೊಂಡು, ಅಂಗೈಯಗಲದ ಜಾಗವನ್ನು ಒಂದೊಂದಾಗಿ ಉಜ್ಜಿದರೆ ಮೇಲಿನ ಕೆಟ್ಟ ಪದರ ಹೋಗುತ್ತದೆ. ಅಂಚುಗಳಲ್ಲಿ ಬಣ್ಣ ತೆಳ್ಳಗಿರುತ್ತದೆ, ಅಲ್ಲಿ ಹೆಚ್ಚು ಉಜ್ಜಿದರೆ ತಗಡು ಕಾಣುತ್ತದೆ. ತುಕ್ಕು ಹಿಡಿದು ಗುಳ್ಳೆ ಎದ್ದಿದ್ದರೆ ಕಾರಿನ ಡೆಂಟಿಂಗ್-ಪೇಂಟಿಂಗ್ ಮಾಡುವವರ ಕಡೆಗೇ ಒಯ್ಯಬೇಕು. ಒಳಗಿನ ಮೊಟ್ಟೆಯ ಟ್ರೇ, ಬಾಟಲಿಯ ರ್‍ಯಾಕಿನ ಮೇಲಿನ ಹಳದಿ ಬಹಳ ಸಲ ಅರಿಷಿಣದ ಕಲೆ. ಅರಿಷಿಣದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ. ತೊಳೆದು ಒಂದು ಮಧ್ಯಾಹ್ನ ಬಿಸಿಲಿಗಿಟ್ಟರೆ ಬಹುಪಾಲು ತಾನಾಗಿಯೇ ಹೋಗುತ್ತದೆ.

ಸ್ವಿಚ್ ಬೋರ್ಡಿನ ವಿಷಯದಲ್ಲಿ ಪೆರಾಕ್ಸೈಡ್ ಕೈಕೊಡುತ್ತದೆ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಹಳೆಯ ಬಿಳಿ ಸ್ವಿಚ್ಚು, ಸಾಕೆಟ್ಟುಗಳು ಯೂರಿಯಾ ಫಾರ್ಮಾಲ್ಡಿಹೈಡ್ ಎಂಬ ಗಟ್ಟಿ ವಸ್ತುವಿನವು. ಉಗುರಿನಿಂದ ಬಡಿದರೆ ಪಿಂಗಾಣಿಯ ಸದ್ದು, ಒಡೆದರೆ ಚೂಪು ಚಕ್ಕೆ. ಅದರಲ್ಲಿ ನಾರಿನ ಪುಡಿ ತುಂಬಿರುವುದರಿಂದ ತೇವ ಹೀರಿ ಹೊಳಪು ಕಳೆದುಕೊಳ್ಳುತ್ತದೆ, ಬಣ್ಣ ಮಾತ್ರ ಅಷ್ಟಾಗಿ ತಿಳಿಯಾಗುವುದಿಲ್ಲ. ಪಾಲಿಕಾರ್ಬೊನೇಟ್ ಪ್ಲೇಟು ಹಳದಿಯಾಗುವ ರಸಾಯನವೇ ಬೇರೆ, ಅಲ್ಲಿಯೂ ಈ ಉಪಾಯ ಹೆಚ್ಚು ನಡೆಯುವುದಿಲ್ಲ. ಸೋಪಿಗೆ ಹೋಗದ ಹಳದಿ ಇದ್ದರೆ ಪ್ಲೇಟು ಬದಲಿಸುವುದೇ ಸರಿ. ಎಬಿಎಸ್ ಪ್ಲೇಟಾಗಿದ್ದರೆ ಮಾತ್ರ, ಹಿಂಬದಿಯ ಅಚ್ಚಿನಲ್ಲಿ ಕೆಲವೊಮ್ಮೆ ಆ ಹೆಸರು ಇರುತ್ತದೆ, ಹಿಡಿಕೆಗೆ ಮಾಡಿದಂತೆ ಮಾಡಬಹುದು.

ಉಳಿದದ್ದು ಸುಟ್ಟ ಹಳದಿ. ಇದು ಬೋರ್ಡಿನ ತುಂಬ ಸಮವಾಗಿ ಹರಡಿರುವುದಿಲ್ಲ. ಸಾಕೆಟ್ಟಿನ ಒಂದು ತೂತಿನ ಸುತ್ತ, ಇಲ್ಲವೇ ಒಂದೇ ಸ್ವಿಚ್ಚಿನ ಬುಡದಲ್ಲಿ ನಡುವೆ ಕಂದಾಗಿ ಅಂಚಿಗೆ ಹಳದಿಯಾಗಿ ಕಾಣುತ್ತದೆ. ಪ್ಲೇಟು ತೆಗೆದು ನೋಡಿದರೆ ಹಿಂಬದಿ ಮುಂದಿನದಕ್ಕಿಂತ ಹೆಚ್ಚು ಕಪ್ಪಾಗಿರುತ್ತದೆ. ಯೂರಿಯಾ ಫಾರ್ಮಾಲ್ಡಿಹೈಡ್ ಕಾದಾಗ ಮೀನಿನಂಥ ವಾಸನೆ ಬರುತ್ತದೆ. ಮೀನು ಬೇಯಿಸದ ಮನೆಯಲ್ಲಿ ಆ ವಾಸನೆ ಬಂದರೆ ಮೊದಲು ಬೋರ್ಡು ನೋಡಬೇಕು.

ಇದಕ್ಕೆ ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ ಕಾರಣ ನೀರು ಕಾಯಿಸುವ ಕಾಯಿಲ್. 1500 ವ್ಯಾಟಿನ ಕಾಯಿಲ್ 230 ವೋಲ್ಟಿನಲ್ಲಿ ಸುಮಾರು 6.5 ಆ್ಯಂಪಿಯರ್ ಎಳೆಯುತ್ತದೆ. ಅದನ್ನು ಹಾಕುವುದು ಟಿ.ವಿ., ಚಾರ್ಜರ್‌ಗೆಂದು ಇಟ್ಟ 6 ಆ್ಯಂಪಿಯರಿನ ಸಣ್ಣ ಸಾಕೆಟ್ಟಿಗೆ. ಸಾಕೆಟ್ ಹೊಸದಾಗಿ ಬಿಗಿಯಾಗಿದ್ದಾಗ ಹೇಗೋ ತಾಳಿಕೊಳ್ಳುತ್ತದೆ. ಒಳಗಿನ ಹಿತ್ತಾಳೆ ಪಟ್ಟಿ ಸಡಿಲಾಗಿ, ಪಿನ್ನು ಅಲುಗಾಡುವಷ್ಟಾದಾಗ ಆ ಸಂಧಿಯಲ್ಲಿ ಅರ್ಧ ಓಮ್ ಪ್ರತಿರೋಧ ಹುಟ್ಟಿತೆನ್ನಿ. 6.5ರ ವರ್ಗವನ್ನು ಅರ್ಧದಿಂದ ಗುಣಿಸಿದರೆ 21 ವ್ಯಾಟ್. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್ ಸಾಮಾನ್ಯವಾಗಿ 25 ವ್ಯಾಟಿನದು. ಅಷ್ಟು ಬಿಸಿ ಒಂದು ಕಡಲೆಕಾಳಿನಷ್ಟು ಜಾಗದಲ್ಲಿ ದಿನವೂ ಬೆಳಗ್ಗೆ ಅರ್ಧ ತಾಸು ಉರಿಯುತ್ತದೆ. ಬಿಸಿಗೆ ಪಟ್ಟಿ ಇನ್ನೂ ಸಡಿಲಾಗುತ್ತದೆ, ಸಡಿಲಾದಷ್ಟೂ ಬಿಸಿ ಏರುತ್ತದೆ. ಹೊರಗೆ ಕಾಣುವ ಆ ಕಂದು ಬಳೆ ಮುಂದಾಗಲಿರುವ ಬೆಂಕಿಯ ಗುರುತು. ಅದನ್ನು ಒರೆಸಿ, ಬಿಳಿ ಪೇಂಟ್ ಬಳಿದು, ಇಲ್ಲವೇ ಮೇಲೊಂದು ಸ್ಟಿಕ್ಕರ್ ಹಚ್ಚಿ ಮುಚ್ಚಿದರೆ ಅಪಾಯ ಕಣ್ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ.

ಅಂಥ ಸಾಕೆಟ್ಟನ್ನು ಅಂದೇ ಬಳಸುವುದು ನಿಲ್ಲಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕು. ಬರೀ ಮುಖ ಬದಲಿಸಿದರೆ ಆಗದು. ಸುಟ್ಟ ವೈರಿನ ತುದಿ ಕಪ್ಪಾಗಿ ಪೆಡಸಾಗಿರುತ್ತದೆ, ಅದನ್ನು ತಾಮ್ರ ಹೊಳೆಯುವವರೆಗೂ ಕತ್ತರಿಸಿ ಹೊಸದಾಗಿ ಬಿಗಿಯಬೇಕು. ಕಾಯಿಲ್ಲಿಗೆ 16 ಆ್ಯಂಪಿಯರಿನ ಸಾಕೆಟ್ ಬೇಕು, ಅದಕ್ಕೆ ತಕ್ಕ ದಪ್ಪನೆಯ ಬೇರೆ ವೈರ್ ಮೇನಿನಿಂದಲೇ ಬರಬೇಕು; ಹಳೆಯ ತೆಳ್ಳನೆಯ ವೈರಿಗೆ ದೊಡ್ಡ ಸಾಕೆಟ್ ಕೂಡಿಸಿದರೆ ಬಿಸಿ ಗೋಡೆಯೊಳಗೆ ಹೋಗುತ್ತದೆ ಅಷ್ಟೇ. ಕಾಯಿಲ್ಲಿನ ಪ್ಲಗ್ಗಿನ ಪಿನ್ನು ಕಪ್ಪಾಗಿದ್ದರೆ ಅದನ್ನೂ ಬದಲಿಸಬೇಕು, ಇಲ್ಲದಿದ್ದರೆ ಹೊಸ ಸಾಕೆಟ್ಟನ್ನು ಅದೇ ಕೆಡಿಸುತ್ತದೆ. ಎಲ್ಲ ಮುಗಿದ ಮೇಲೆ ಹದಿನೈದು ನಿಮಿಷ ಕಾಯಿಲ್ ಹಚ್ಚಿ, ಸ್ವಿಚ್ ಆಫ್ ಮಾಡಿ, ಒಣಗಿದ ಕೈಯ ಹಿಂಬದಿಯಿಂದ ಪ್ಲೇಟನ್ನು ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ, ಕೈ ಇಡಲಾರದಷ್ಟು ಬಿಸಿ ಇದ್ದರೆ ಎಲೆಕ್ಟ್ರಿಷಿಯನ್‌ನನ್ನು ತಿರುಗಿ ಕರೆಯಿರಿ.